ಹಸಿರು ಬಳಿದ ದಿನಗಳು

ನನ್ನ ತಲೆನೋವಿನ ಡೈರಿ ಇರುತ್ತಿದ್ದುದು ಅಡುಗೆಮನೆಯಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿ. ಮಾತ್ರೆಯ ಡಬ್ಬಿಯೂ ಅಲ್ಲೇ. ನನ್ನ ತಲೆನೋವು ಹೆಚ್ಚಾಗಿ ಬೆಳಿಗ್ಗೆ ಒಲೆಯ ಮುಂದೆ ನಿಂತಾಗಲೇ ಶುರುವಾಗುತ್ತಿದ್ದರಿಂದ ಅದಕ್ಕಿಂತ ಅನುಕೂಲದ ಜಾಗ ಬೇರೆ ಇರಲಿಲ್ಲ. ಕೀಲ್ಪಾಕ್‌ನ ನರರೋಗ ತಜ್ಞರು ಮೊದಲ ಭೇಟಿಯಲ್ಲೇ ಹೇಳಿದ್ದರು, ಫೋನಿನಲ್ಲಿ ಬೇಡ, ಪರದೆಯ ಬೆಳಕೇ ನಿಮಗೆ ಆಗುವುದಿಲ್ಲ, ಒಂದು ನೋಟ್‌ಬುಕ್ ಇಡಿ ಎಂದು. ತಾರೀಕು, ಶುರುವಾದ ಹೊತ್ತು, ಹತ್ತಕ್ಕೆ ಎಷ್ಟು ನೋವು, ವಾಂತಿ ಇತ್ತೇ, ಯಾವುದರಿಂದ ಬಂದಿರಬಹುದು, ಯಾವ ಮಾತ್ರೆ ಎಷ್ಟು, ಎರಡು ಗಂಟೆಯ ಮೇಲೆ ಇಳಿಯಿತೇ. ಮೂರು ತಿಂಗಳು ಬರೆದು ತನ್ನಿ. "ಆದರೆ ನನ್ನ ಮುಂದೆ ನೋಟ್‌ಬುಕ್ ಬಿಚ್ಚಬೇಡಿ. ಅದನ್ನು ಒಂದೇ ಒಂದು ಪುಟ ಮಾಡಿಕೊಂಡು ಬನ್ನಿ" ಎಂದು ತಮಿಳಿನಲ್ಲಿ ಹೇಳಿ ನಕ್ಕಿದ್ದರು. ಹೊರಗೆ ಬೆಂಚಿನ ಮೇಲೆ ಮೂವತ್ತು ಜನ ಕೂತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನೋಟ್‌ಬುಕ್ಕಿಗೆ ಗೆರೆ ಹೊಡೆಯುವುದು ನನಗೆ ಇಷ್ಟದ ಕೆಲಸ. ತಿಂಗಳಿಗೊಂದು ಪುಟ, ದಿನಕ್ಕೊಂದು ಸಾಲು. ಅತ್ತೆ ಅದರ ಮೊದಲ ಪುಟದ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ ಕೊಟ್ಟರು. ನಮ್ಮ ಮನೆಗೆ ಯಾವ ಹೊಸ ಪುಸ್ತಕ ಬಂದರೂ ಹಾಗೇ, ಅದು ರಾಮಾಯಣವಾಗಲಿ ತಲೆನೋವಾಗಲಿ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಅದಕ್ಕೇ ಬೇಗ ಹೇಳುತ್ತೇನೆ. ನನ್ನ ಅತ್ತೆಯ ಮನೆಯವರು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರು. ಮಾತಿನಲ್ಲಿ ಅರ್ಧ ತಮಿಳು ಸೇರಿಹೋಗಿದೆ, ಆದರೆ ಮಡಿಯಲ್ಲಿ ಒಂದು ಕೂದಲೆಳೆಯೂ ಸಡಿಲವಾಗಿಲ್ಲ. ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂರುತ್ತೇನೆ. ಫ್ಲಾಟಿನಲ್ಲಿ ಹೊರಗೆ ಎಂದರೆ ಮುಂಬಾಗಿಲ ಪಕ್ಕದ ಸಣ್ಣ ಕೋಣೆ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಆ ಮೂರು ದಿನವೂ ನಾನು ಶಾಲೆಗೆ ಹೋಗುತ್ತೇನೆ, ನಲವತ್ತು ಮಕ್ಕಳ ಪುಸ್ತಕ ಮುಟ್ಟುತ್ತೇನೆ, ಬಸ್ಸಿನಲ್ಲಿ ನೂರು ಜನರ ಮೈ ತಾಗುತ್ತೇನೆ. ಮನೆಗೆ ಬಂದರೆ ಉಪ್ಪಿನ ಜಾಡಿಯ ಹತ್ತಿರ ಹೋಗುವಂತಿಲ್ಲ. ಮೈಸೂರಿನ ನನ್ನ ತವರಿನಲ್ಲಿ ಇದೆಲ್ಲ ನಮ್ಮ ಅಜ್ಜಿಯ ಕಾಲಕ್ಕೇ ಮುಗಿದಿತ್ತು. ಮದುವೆಯಾದ ಹೊಸದರಲ್ಲಿ ಜಗಳವಾಡಿದೆ. ಆಮೇಲೆ ಸುಸ್ತಾಗಿ ಸುಮ್ಮನಾದೆ.

ಡೈರಿ ಶುರುವಾದ ಮೊದಲ ತಿಂಗಳಲ್ಲೇ ಹೊರಗಾದೆ. ಅಂದು ಭಾನುವಾರ, ಬೆಳಿಗ್ಗೆಯೇ ಎಡಗಣ್ಣಿನ ಹಿಂದೆ ನೋವು ಎದ್ದಿತು. ಕೋಣೆಯಿಂದ ಕೂಗಿದೆ, "ಅತ್ತೆ, ಆ ನೋಟ್‌ಬುಕ್ ಸ್ವಲ್ಪ ಕೊಡಿ."

"ಅದು ಇಲ್ಲಿಗೆ ಬಂದ್ರೆ ಅಪ್ಪುರಂ ಒಳಗೆ ಹ್ಯಾಂಗೆ ತರೋದು?" ಎಂದರು ಅತ್ತೆ. ಅಪ್ಪುರಂ ಎಂದರೆ ಆಮೇಲೆ. "ಸೀರೆ ಆದ್ರೆ ನೀರಲ್ಲಿ ಅದ್ದಬಹುದು. ಪುಸ್ತಕಕ್ಕೆ ನೀರು ಹಾಕಕ್ಕಾಗತ್ತಾ? ನೀನು ಪೇಸಾಮೆ ಮಲಕ್ಕೋ, ತಲೆವಲಿ ತಾನೇ ಹೋಗತ್ತೆ."

ಪೇಸಾಮೆ ಎಂದರೆ ಮಾತಾಡದೆ. ಮಾತಾಡದೆ ಮಲಗಿದೆ. ಡಬ್ಬಿಯೂ ಅಡುಗೆಮನೆಯದೇ ಆದ್ದರಿಂದ ಡಾಕ್ಟರು ಬರೆದುಕೊಟ್ಟ ಟ್ರಿಪ್ಟಾನ್ ಮಾತ್ರೆ ನನ್ನ ಕೈಗೆ ಬರಲಿಲ್ಲ. ಬದಲಿಗೆ ಅತ್ತೆ ಕೆಳಗಿನ ಮೆಡಿಕಲ್ ಶಾಪಿನಿಂದ ತರಿಸಿದ್ದ ತಲೆನೋವಿನ ಮಾತ್ರೆ, ಕೆಫೀನ್ ಸೇರಿದ್ದು, ಎರಡನ್ನು ಹೊಸ್ತಿಲ ಮೇಲೆ ಇಟ್ಟು ಹೋದರು. ಬೆಳಿಗ್ಗೆ ಒಂದು, ಸಂಜೆ ಒಂದು. ಮೂರೂ ದಿನ ಹಾಗೇ ನಡೆಯಿತು. ಮುಂದಿನ ತಿಂಗಳುಗಳಲ್ಲೂ ಅದೇ ಆಯಿತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೆ ಆ ಮೂರು ಸಾಲು ತುಂಬಬಹುದಿತ್ತು. ಶಾಲೆಯಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟು ತರಬಹುದಿತ್ತು. ಯಾಕೆ ಮಾಡಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸದ ರಾಶಿ ಎಂದು ಹೇಳಿದರೆ ಅದು ಅರ್ಧ ಸುಳ್ಳು. ನಿಜ ಏನೆಂದರೆ ನನ್ನೊಳಗೆ ಒಂದು ಹಟ ಇತ್ತು. ಖಾಲಿ ಇರಲಿ, ನೋಡಿದವರು ಯಾರಾದರೂ ಕೇಳಲಿ, ಪ್ರತಿ ತಿಂಗಳೂ ಈ ಮೂರು ಸಾಲು ಯಾಕೆ ಖಾಲಿ ಎಂದು. ಯಾರಾದರೂ ಎಂದರೆ ನನ್ನ ಗಂಡ.

ಅವರು ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಮ್ಯಾನೇಜರು. ಅವರ ಕೆಲಸವೇ ಹತ್ತು ಜನ ಮಾಡಿದ್ದನ್ನು ಒಂದು ಪುಟಕ್ಕೆ ಇಳಿಸಿ ಮೇಲಿನವರಿಗೆ ಕಳಿಸುವುದು. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರಿಕೆ, ಹಸಿರು ಎಂದರೆ ಎಲ್ಲ ಚೆನ್ನಾಗಿದೆ. ಡಾಕ್ಟರು ಒಂದು ಪುಟ ಕೇಳಿದ್ದಾರೆ ಎಂದಾಗ ಅವರ ಮುಖ ಅರಳಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ನನ್ನ ತಲೆನೋವು ಅವರಿಗೆ ಅಷ್ಟು ಇಷ್ಟವಾದದ್ದು ಅದೊಂದೇ ಸಲ.

"ನೀನು ಮಲಕ್ಕೋ, ನಾನು ಮಾಡ್ತೀನಿ. ಇದು ನಂಗೆ ಅರ್ಧ ಗಂಟೆ ಕೆಲಸ" ಎಂದರು. ಭಾನುವಾರ ಬೆಳಿಗ್ಗೆ ಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತರು. ಶ್ರದ್ಧೆಯಿಂದಲೇ ಮಾಡಿದರು, ಅದನ್ನು ಅಲ್ಲಗಳೆಯುವುದಿಲ್ಲ. ಡಬ್ಬಿಯೊಳಗಿನ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಹರಡಿಕೊಂಡು ಎಷ್ಟು ಮಾತ್ರೆ ಖರ್ಚಾಗಿದೆ ಎಂದು ಎಣಿಸಿ ಡೈರಿಯ ಲೆಕ್ಕಕ್ಕೆ ತಾಳೆ ಹಾಕಿದರು. ಒಂದೂ ಹೆಚ್ಚುಕಮ್ಮಿ ಇರಲಿಲ್ಲ. "ಪರ್ಫೆಕ್ಟ್ ಡೇಟಾ" ಎಂದು ನನ್ನ ಬೆನ್ನು ತಟ್ಟಿದರು. ಹೊಸ್ತಿಲ ಮೇಲೆ ಬಂದ ಮಾತ್ರೆಯ ಸ್ಟ್ರಿಪ್ಪು ಆ ಡಬ್ಬಿಗೆ ಎಂದೂ ಸೇರಿರಲಿಲ್ಲ.

ಆ ಪುಟವನ್ನು ನಾನು ನೋಡಿದ್ದು ಡಾಕ್ಟರ ಕೋಣೆಯಲ್ಲೇ. ಮೇಲೆ ಮೂರು ತಿಂಗಳ ಚೌಕಗಳು. ನೋವಿನ ದಿನ ಕೆಂಪು, ಇಲ್ಲದ ದಿನ ಹಸಿರು. ಕೆಳಗೆ ತಿಂಗಳಿಗೆ ತಲೆನೋವಿನ ದಿನ ಎಂಟು, ಒಂಬತ್ತು, ಎಂಟು. ಮಾತ್ರೆ ತೆಗೆದುಕೊಂಡ ದಿನ ಏಳು, ಎಂಟು, ಏಳು. ಪಕ್ಕದಲ್ಲಿ ಕಾರಣಗಳು. ಬಿಸಿಲು, ಟ್ಯೂಬ್‌ಲೈಟ್, ಮಲ್ಲಿಗೆ ವಾಸನೆ, ಊಟ ತಪ್ಪಿಸುವುದು. ಡೈರಿಯಲ್ಲಿ ನಾನು ಬರೆದಿದ್ದುದು, "ಮಾವನ ಶ್ರಾದ್ಧ, ಬ್ರಾಹ್ಮಣರ ಊಟ ಮುಗಿದು ನನಗೆ ಎಲೆ ಹಾಕುವಾಗ ಮೂರೂವರೆ." ಅದು ಒಂದು ಪುಟಕ್ಕೆ ಇಳಿಯುವಷ್ಟರಲ್ಲಿ ನಾನೇ ಬೇಕೆಂದು ಊಟ ತಪ್ಪಿಸಿಕೊಂಡವಳಾಗಿದ್ದೆ.

ಡಾಕ್ಟರು ಪುಟ ನೋಡಿ ಸಂತೋಷಪಟ್ಟರು. ಆಮೇಲೆ ಕೇಳಿದರು, "ಪೀರಿಯಡ್ಸ್‌ಗೂ ಇದಕ್ಕೂ ಸಂಬಂಧ ಇದೆಯಾಮ್ಮಾ?"

ನಾನು ಬಾಯಿ ತೆರೆಯುವ ಮುಂಚೆ ನನ್ನ ಗಂಡ ಹೇಳಿದರು, "ಇಲ್ಲ ಡಾಕ್ಟರ್. ನಾನೂ ಅದನ್ನೇ ಯೋಚಿಸಿ, ನೆನಪಿದ್ದಷ್ಟು, ಹೋದ ತಿಂಗಳಿನದನ್ನು ಚೆಕ್ ಮಾಡಿದೆ. ಆ ದಿನಗಳಲ್ಲಿ ಒಂದೇ ಒಂದು ಎಂಟ್ರಿ ಇಲ್ಲ. ನೋಡಿ, ಪೂರ್ತಿ ಹಸಿರು."

ಅವರ ಬೆರಳು ಆ ಮೂರು ಚೌಕಗಳ ಮೇಲಿತ್ತು. ನಾನು ಸುಮ್ಮನಿದ್ದೆ. ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಹೇಳಬೇಕಾದರೆ ಏನೆಂದು ಹೇಳಬೇಕಿತ್ತು? ಎಂಎಸ್ಸಿ ಓದಿದವಳು, ಬೇರೆಯವರ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು, ನನ್ನದೇ ಮನೆಯಲ್ಲಿ ನನ್ನದೇ ನೋಟ್‌ಬುಕ್ ಮುಟ್ಟುವಂತಿಲ್ಲ ಎಂದು, ಗುರುತಿಲ್ಲದ ಗಂಡಸಿನ ಮುಂದೆ? ಡಾಕ್ಟರು ತಮ್ಮ ಕಾಗದದಲ್ಲಿ "ಮುಟ್ಟಿಗೂ ಇದಕ್ಕೂ ಸಂಬಂಧವಿಲ್ಲ" ಎಂಬ ಅರ್ಥದ ಒಂದು ಸಾಲು ಬರೆದುಕೊಂಡರು. ಮಾತ್ರೆಯ ದಿನಗಳು ಹತ್ತರ ಒಳಗಿವೆ, ಒಳ್ಳೆಯದು ಎಂದರು. ನೋವು ಬರದಂತೆ ತಡೆಯಲು ದಿನಾಲೂ ತೆಗೆದುಕೊಳ್ಳುವ ಒಂದು ಮಾತ್ರೆ ಬರೆದುಕೊಟ್ಟರು, ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

ಆ ಮೂರು ತಿಂಗಳು ಆ ಮಾತ್ರೆಯಿಂದ ನನಗೆ ಸಿಕ್ಕಿದ್ದು ಶಾಲೆಯ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಪಕ್ಕದ ಕಂಬಿ ಹಿಡಿದು ನಿಲ್ಲುವ ಅಭ್ಯಾಸ. ನೋವು ಒಂದು ದಿನವೂ ಕಡಿಮೆಯಾಗಲಿಲ್ಲ. ಎರಡನೆಯ ತಿಂಗಳು ಹೊರಗಿದ್ದಾಗ ಬಂದದ್ದು ನನ್ನ ಬದುಕಿನಲ್ಲೇ ಕೆಟ್ಟ ನೋವು. ಶಾಲೆಗೆ ರಜಾ ಹಾಕಿದೆ. ಬೆಳಗಿನಿಂದ ಸಂಜೆಯವರೆಗೆ ಆರು ಸಲ ವಾಂತಿ. ಕಿಟಕಿಗೆ ಹೊದಿಕೆ ಕಟ್ಟಿಕೊಂಡು ಚಾಪೆಯ ಮೇಲೆ ಬಿದ್ದಿದ್ದೆ. ಆಫೀಸಿನಿಂದ ಬಂದ ನನ್ನ ಗಂಡ ಹೊಸ್ತಿಲಿನ ಆಚೆ ನಿಂತು, "ಏನೇ, ಆಸ್ಪತ್ರೆಗೆ ಹೋಗೋಣ್ವಾ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಹೆದರಿಕೆ ಇತ್ತು. ಬೇಡ ಎಂದು ಕೈ ಆಡಿಸಿದೆ.

ಮುಂದಿನ ಭೇಟಿಗೆ ಒಂದು ವಾರ ಇರುವಾಗ ಅವರು ಮತ್ತೆ ಲ್ಯಾಪ್‌ಟಾಪ್ ತೆಗೆದರು. ಟೆಂಪ್ಲೇಟ್ ಇದೆಯಲ್ಲ, ತುಂಬಿದರೆ ಆಯಿತು ಎಂದರು. ಕಾಫಿ ಕೊಡಲು ಹೋದವಳು ಅವರ ಹೆಗಲ ಮೇಲಿಂದ ನೋಡಿದೆ. ಎರಡನೆಯ ತಿಂಗಳ ಆ ದಿನದ ಚೌಕಕ್ಕೆ ಹಸಿರು ತುಂಬುತ್ತಿದ್ದರು.

"ಆ ದಿನ ನಾನು ಹೇಗಿದ್ದೆ ರೀ?"

"ಯಾವ ದಿನ?"

"ನೀವು ಈಗ ಹಸಿರು ಮಾಡಿದ ದಿನ."

ಡೈರಿ ತಿರುಗಿಸಿ ನೋಡಿದರು. "ಇಲ್ಲಿ ಏನೂ ಇಲ್ಲವಲ್ಲೇ."

"ಹೊಸ್ತಿಲಲ್ಲಿ ನಿಂತು ಆಸ್ಪತ್ರೆಗೆ ಹೋಗೋಣ್ವಾ ಅಂತ ಕೇಳಿದವರು ಯಾರು? ಪಕ್ಕದ ಮನೆಯವರಾ?"

ಅವರ ಕೈ ಕೀಬೋರ್ಡಿನ ಮೇಲೇ ನಿಂತಿತು. "ನೀನು ಬರೀಬೇಕಿತ್ತು" ಎಂದರು.

ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಒಂದು ಮಾತು ಮಾತ್ರ ನೆನಪಿದೆ. ಖಾಲಿ ಉತ್ತರಪತ್ರಿಕೆ ಬಂದರೆ ನಾವು ಸೊನ್ನೆ ಹಾಕುವ ಮುಂಚೆ ಹುಡುಗ ಪರೀಕ್ಷೆಗೆ ಬಂದಿದ್ದನೇ ಎಂದು ಹಾಜರಿ ನೋಡುತ್ತೇವೆ, ನೀವು ಅಷ್ಟೂ ಮಾಡಲಿಲ್ಲ ಎಂದೆ. ಅವರು ತಲೆ ತಗ್ಗಿಸಿದರು. ಅವರು ಕೆಟ್ಟವರಲ್ಲ. ತಿಂಗಳಿಗೆ ಮೂರು ದಿನ ಮನೆಯೊಳಗೆ ನಾನು ಕಣ್ಣಿಗೆ ಬೀಳದಿರುವುದು ಅವರಿಗೆ ಹುಟ್ಟಿದಾಗಿನಿಂದ ಅಭ್ಯಾಸ. ಮುಂಚೆ ಅಮ್ಮ, ಈಗ ನಾನು. ಆ ದಿನ ನನಗೆ ಅದು ಸಮಾಧಾನ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ.

ಪುಟವನ್ನು ನಾನೇ ಮಾಡುತ್ತೇನೆ ಎಂದೆ. ಮಾಡಲು ಕೂತಾಗ ಕಷ್ಟ ಗೊತ್ತಾಯಿತು. ಆರು ತಿಂಗಳ ಆ ಖಾಲಿ ಸಾಲುಗಳಲ್ಲಿ ಯಾವ ದಿನ ನೋವಿತ್ತು, ಯಾವ ದಿನ ಮಾತ್ರೆ ನುಂಗಿದೆ? ಕೆಲವೊಮ್ಮೆ ಬೇರೆ ದಿನವೂ ಬರೆಯಲು ಮರೆತಿದ್ದೆ. ಹಾಗಾಗಿ ಖಾಲಿ ಇದ್ದ ಮಾತ್ರಕ್ಕೆ ಹೊರಗಿದ್ದ ದಿನ ಎಂದು ಹೇಳುವಂತಿರಲಿಲ್ಲ. ಊಹಿಸಿ ಬರೆದರೆ ನಾನೂ ಹಸಿರು ಬಳಿದವರ ಸಾಲಿಗೇ ಸೇರುತ್ತಿದ್ದೆ. ತಾರೀಕು ಯಾರನ್ನು ಕೇಳಲಿ ಎಂದು ಗೊಣಗುತ್ತಿದ್ದಾಗ ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು, "ನನ್ನ ಹತ್ರ ಇದೆ."

ದೇವರ ಕೋಣೆಯಿಂದ ಪಂಚಾಂಗ ತಂದರು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಚುಕ್ಕೆಗಳು, ತಿಂಗಳಿಗೆ ಮೂರು ಮೂರು. ಒಂದು ತಿಂಗಳೂ ತಪ್ಪಿರಲಿಲ್ಲ.

"ಇದು ಯಾಕೆ ಅತ್ತೆ?"

"ಮತ್ತೆ? ನೀನು ಯಾವಾಗ ಹೊರಗಾಗ್ತೀ ಅಂತ ನಂಗೆ ಮುಂಚೆಯೇ ತೆರಿಯಬೇಕಲ್ಲ. ಶ್ರಾದ್ಧ ಬರತ್ತೆ, ಹಬ್ಬ ಬರತ್ತೆ. ಅಡುಗೆಗೆ ಆಳು ನೋಡ್ಕೋಬೇಕಲ್ಲ. ನೀನು ಈ ಮನೆಗೆ ಬಂದಾಗಿಂದ ಪ್ರತಿ ಪಂಚಾಂಗದಲ್ಲೂ ಹಾಕ್ತಿದ್ದೀನಿ."

"ನೀವು ಕೊಟ್ಟ ಮಾತ್ರೆ?"

"ಒಂದೊಂದು ತಡವೆಗೂ ಆರು. ಮೂರು ದಿನ, ದಿನಕ್ಕೆ ಎರಡು. ನಾನೇ ಇಡ್ತಿದ್ದೆನಲ್ಲಾ, ನಂಗೆ ಗೊತ್ತಿಲ್ವಾ? ಒಂದು ತಡವೆಯೂ ಬೇಡ ಅಂತ ನೀನು ಹಿಂದಕ್ಕೆ ತಳ್ಳಿದ್ದಿಲ್ಲ."

ತೆರಿಯುವುದು ಎಂದರೆ ಗೊತ್ತಾಗುವುದು, ತಡವೆ ಎಂದರೆ ಸಲ. ಹದಿನಾರು ವರ್ಷ, ಒಂದು ತಡವೆಯೂ ಬಿಡದೆ ಈ ಮನೆಯಲ್ಲಿ ನನ್ನ ಮೈಯ ಲೆಕ್ಕ ಇಟ್ಟವರು ಅತ್ತೆ. ಅಡುಗೆಗೆ ಆಳು ನೋಡಿಕೊಳ್ಳಲಿಕ್ಕೆ. ಪಂಚಾಂಗ ಕೈಯಲ್ಲಿ ಹಿಡಿದು ಅಳಬೇಕೋ ನಗಬೇಕೋ ತಿಳಿಯದೆ ಕೂತೆ. ಆಮೇಲೆ ಪೆನ್ನು ತೆಗೆದುಕೊಂಡೆ.

ನನ್ನ ಪುಟದಲ್ಲಿ ಬಣ್ಣ ಇರಲಿಲ್ಲ. ತಿಂಗಳಿಗೊಂದು ಸಾಲು. ಡೈರಿಯಲ್ಲಿ ಬರೆದಿಟ್ಟ ತಲೆನೋವಿನ ದಿನ, ಡೈರಿಯಲ್ಲಿ ಬರೆದಿಟ್ಟ ಮಾತ್ರೆಯ ದಿನ, "ಬರೆದಿಲ್ಲ" ಎಂದು ಬೇರೆಯೇ ಒಂದು ಕಾಲಂ. ಅದರ ಮುಂದೆ ನಕ್ಷತ್ರ ಹಾಕಿ, ಮನೆಯ ಇನ್ನೊಂದು ಗುರುತಿನಿಂದಲೂ ನೆನಪಿನಿಂದಲೂ ಸೇರಿಸಿದ್ದು, ಮೂರು ದಿನವೂ ನೋವು, ಮೂರು ದಿನವೂ ಅಂಗಡಿಯ ಮಾತ್ರೆ ಎಂದು ಬರೆದೆ. ಎಷ್ಟು ನೋವು ಎಂಬ ಅಂಕೆಯನ್ನು ಸೇರಿಸಲಿಲ್ಲ, ಅದು ಈಗ ಯಾರಿಗೂ ಗೊತ್ತಿಲ್ಲ. ಕೂಡಿಸಿದಾಗ ಮೊದಲ ಮೂರು ತಿಂಗಳಿನ ಮಾತ್ರೆಯ ದಿನಗಳು ಹತ್ತು, ಹನ್ನೊಂದು, ಹತ್ತು ಆದವು. ಆಮೇಲಿನ ಮೂರರಲ್ಲಿ ಹನ್ನೊಂದಕ್ಕಿಂತ ಕಡಿಮೆ ಯಾವುದೂ ಇರಲಿಲ್ಲ. ಈಗ ತೆಗೆದುಕೊಳ್ಳುತ್ತಿರುವ ತಡೆಯುವ ಮಾತ್ರೆ, ಎಷ್ಟು ತಿಂಗಳಿಂದ, ಏನು ತೊಂದರೆ ಎಂದೂ ಕೆಳಗೆ ಬರೆದೆ.

ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಹೊರಗೆ ಕೂತಿದ್ದಕ್ಕೆ ಬರೀಲಿಲ್ಲ ಅಂತ ಹಾಕ್ಬೇಡ, ಏನ? ಅವರು ಏನು ನೆನೆಸ್ಕೋತಾರೆ? ಊರಿಗೆ ಹೋಗಿದ್ದೆ ಅಂತ ಬರಿ."

"ಪ್ರತಿ ತಿಂಗಳೂ ಮೂರು ದಿನ ಊರಿಗೆ ಹೋಗೋಳು ಯಾರು ಅತ್ತೆ?" ಎಂದೆ. ಅವರು ಕನ್ನಡಕ ತೆಗೆದು ಒಳಗೆ ಹೋದರು.

ಡಾಕ್ಟರು ಆ ಪುಟ ಹಿಡಿದು ಒಂದು ನಿಮಿಷವೂ ಆಗಿರಲಿಲ್ಲ, "ಬರೆದಿಲ್ಲ" ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದರು, "ಇದು ಯಾಕಮ್ಮಾ?"

ಆರು ತಿಂಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಪಕ್ಕದಲ್ಲಿ ನನ್ನ ಗಂಡ ತಮ್ಮ ಶೂಗಳನ್ನು ನೋಡುತ್ತಿದ್ದರು. ಹೇಳಿದೆ. ತಮಿಳಿನಲ್ಲೇ, ಒಂದೂ ಬಿಡದೆ. ಕೋಣೆ, ಹೊಸ್ತಿಲು, ನೋಟ್‌ಬುಕ್ಕಿಗೆ ನೀರು ಹಾಕಲಾಗದ್ದು, ಎಲ್ಲ.

ಡಾಕ್ಟರು ಹಳೆಯ ಕಾಗದ ತೆಗೆದು ಆ ಒಂದು ಸಾಲಿನ ಮೇಲೆ ಗೆರೆ ಎಳೆದರು. ನೋವು ಇಳಿಸುವ ಈ ಬಗೆಯ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ, ಅದಕ್ಕೂ ಮೇಲೆ, ತಿಂಗಳುಗಟ್ಟಲೆ ತೆಗೆದುಕೊಂಡರೆ ಅವೇ ತಲೆನೋವು ತರಲು ಶುರುಮಾಡುತ್ತವೆ ಎಂದರು. ಅಂಗಡಿಯದಾದರೇನು, ನಾನು ಕೊಟ್ಟದ್ದಾದರೇನು, ಎಣಿಸಬೇಕಾದ್ದು ದಿನಗಳನ್ನು. ತಡೆಯುವ ಮಾತ್ರೆ ಕೆಲಸ ಮಾಡದೆ ಇದ್ದದ್ದಕ್ಕೂ ಇದೇ ಕಾರಣ ಇರಬಹುದು. ಅಂಗಡಿಯ ಮಾತ್ರೆಯನ್ನು ಪೂರ್ತಿ ಬಿಡಿ, ಬಿಟ್ಟ ಮೊದಲ ಕೆಲವು ವಾರ ನೋವು ಹೆಚ್ಚಾಗುತ್ತದೆ, ಹೆದರಬೇಡಿ. ತಡೆಯುವ ಮಾತ್ರೆಯನ್ನೂ ಬದಲಾಯಿಸಿದರು. ಅದು ಹಿಡಿತಕ್ಕೆ ಬಂದ ಮೇಲೆ, ಮುಟ್ಟಿಗೆ ಎರಡು ದಿನ ಮುಂಚೆ ಶುರುಮಾಡಿ ಐದಾರು ದಿನ ತೆಗೆದುಕೊಳ್ಳುವ ಬೇರೆ ಮದ್ದು ಕೊಡುತ್ತೇನೆ ಎಂದರು. "ಅದಕ್ಕೆ ತಾರೀಕು ಮುಂಚೆಯೇ ಗೊತ್ತಿರಬೇಕು. ಗೊತ್ತಾಗುತ್ತಾ?"

"ನಮ್ಮ ಮನೆಯಲ್ಲಿ ಗೊತ್ತಾಗುತ್ತೆ" ಎಂದೆ.

ಎದ್ದು ಬರುವಾಗ ಅವರು ಇನ್ನೊಂದು ಮಾತು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಒಂದು ಕೆಲಸ ಮಾಡಿ, ಆ ಕೋಣೆಯಲ್ಲಿ ಇನ್ನೊಂದು ನೋಟ್‌ಬುಕ್ ಇಟ್ಟುಬಿಡಿ. ಪ್ರಾಬ್ಲಂ ಮುಗೀತು."

ಆಟೋದಲ್ಲಿ ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. "ಒಳ್ಳೇ ಐಡಿಯಾ ಅಲ್ವಾ? ನಾವು ಮುಂಚೆಯೇ ಮಾಡ್ಬೇಕಿತ್ತು" ಎಂದರು. ಆರು ತಿಂಗಳು ನಾನು ಖಾಲಿ ಬಿಟ್ಟು ಕಾದದ್ದು ಯಾವ ಮಾತಿಗೆ ಎಂದು ಆ ಕ್ಷಣ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಆ ಕೋಣೆಯಲ್ಲಿ ಕೂರುವುದೇ ಬೇಡ ಎಂಬ ಆ ಮಾತನ್ನು ಡಾಕ್ಟರೂ ಆಡಲಿಲ್ಲ, ಇವರೂ ಆಡಲಿಲ್ಲ. ಕೈ ಬಿಡಿಸಿಕೊಂಡೆ.

ಅಂಗಡಿಯ ಮಾತ್ರೆ ಬಿಟ್ಟೆ. ಮೊದಲ ಮೂರು ವಾರ ನರಕ. ಆಮೇಲೆ ನಿಜವಾಗಿಯೂ ಕಡಿಮೆಯಾಯಿತು, ಈಗ ತಿಂಗಳಿಗೆ ನಾಲ್ಕೈದು ದಿನ. ಅತ್ತೆ ಪಂಚಾಂಗ ನೋಡಿ, "ನಾಳೆಯಿಂದ ನಿನ್ನ ಮಾತ್ರೆ ಆರಂಭ" ಎಂದು ಹೇಳುತ್ತಾರೆ, ಒಂದು ದಿನವೂ ತಪ್ಪುವುದಿಲ್ಲ. ಡಾಕ್ಟರಿಗೆ ಕೊಡುವ ಪುಟವನ್ನು ಎರಡೂ ನೋಟ್‌ಬುಕ್ ಎದುರಿಟ್ಟುಕೊಂಡು ನಾನೇ ಬರೆಯುತ್ತೇನೆ.

ಎರಡನೆಯ ನೋಟ್‌ಬುಕ್ಕನ್ನೂ ಅತ್ತೆಯೇ ತರಿಸಿಕೊಟ್ಟರು. ಅದೇ ಅಂಗಡಿಯದು, ಅಷ್ಟೇ ದಪ್ಪ, ಅದೇ ನೀಲಿ ರಟ್ಟು. ಹೊಸ್ತಿಲ ಮೇಲಿಟ್ಟು ಹೋದರು. ಎತ್ತಿಕೊಂಡು ಮೊದಲ ಪುಟ ತೆರೆದೆ. ಮೂಲೆಯಲ್ಲಿ ಅರಿಸಿನ ಕುಂಕುಮ ಇರಲಿಲ್ಲ.